ಚಂದಾ ಲೆಕ್ಕದಲ್ಲಿ 6,000 ರೂಪಾಯಿ ವ್ಯತ್ಯಾಸ

“ತೀರ್ಥಹಳ್ಳಿಯ ನಮ್ಮ ಕ್ಲಬ್‌ನಲ್ಲಿ 50 ಸದಸ್ಯರು, ವಾರ್ಷಿಕ ಚಂದಾ ತಲಾ 1,000. ಸ್ವೀಕೃತಿ–ಪಾವತಿ ಖಾತೆಯಲ್ಲಿ ಚಂದಾ 56,000, ಆದಾಯ–ವೆಚ್ಚ ಖಾತೆಯಲ್ಲಿ 50,000. ಉಳಿದ 6,000 ಎಲ್ಲಿ ಹೋಯಿತು?”

ಖಜಾಂಚಿಯನ್ನು ಸಂಶಯಿಸುವ ಮೊದಲು ದಯವಿಟ್ಟು ರಸೀದಿ ಪುಸ್ತಕ ತೆರೆದು, ಪ್ರತಿ ರಸೀದಿ ಯಾವ ವರ್ಷದ್ದು ಎಂದು ನೋಡಿ. ಮೊದಲ ಖಾತೆ ಕೈಗೆ ಬಂದ ಹಣವನ್ನೆಲ್ಲ ಬರೆಯುತ್ತದೆ, ಎರಡನೆಯದು ಈ ವರ್ಷಕ್ಕೆ ಸಲ್ಲುವುದನ್ನು ಮಾತ್ರ.

56,000ದಲ್ಲಿ ಹಳೆಯ ಬಾಕಿ 4,000, ಮುಂದಿನ ವರ್ಷದ ಮುಂಗಡ 10,000 ಇದೆ ಎನ್ನೋಣ. ಕಳೆದರೆ 42,000. ಎಂಟು ಜನ ಇನ್ನೂ ಕಟ್ಟಿಲ್ಲದಿದ್ದರೆ ಅವರ 8,000 ಕೂಡಿಸಿ, 50,000 ಆಯಿತು. ಆ 8,000 ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ, ಮುಂಗಡದ 10,000 ಹೊಣೆಯಾಗಿ ಕಾಣಬೇಕು. ಹಳೆಯ 4,000 ಹೋದ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿಯಾಗಿ ಇದ್ದಿರಬೇಕು. ಇವು ಕಾಣದಿದ್ದರೆ ಆಗ ಖಂಡಿತ ಪ್ರಶ್ನಿಸಿ. ಊರು ಬಿಟ್ಟುಹೋದ ಸದಸ್ಯರ ವಸೂಲಾಗದ ಬಾಕಿಯನ್ನು ಮಾತ್ರ ಆಸ್ತಿಯೆಂದು ಉಳಿಸಿಕೊಳ್ಳಬೇಡಿ.