ಹತ್ತು ಸೆಫಿರೋತ್‌ಗಳನ್ನು ಏಳು ಚಕ್ರಗಳಿಗೆ ಹೊಂದಿಸುವ ಮುಂಚೆ

ಪ್ರಶ್ನೆ: ಕಬ್ಬಾಲಾದ ಜೀವವೃಕ್ಷದಲ್ಲಿರುವ ಹತ್ತು ಗೋಳಗಳು ಯಾವುವು, ಒಂದೊಂದೂ ಏನನ್ನು ಸೂಚಿಸುತ್ತೆ? ನಮ್ಮ ಏಳು ಚಕ್ರಗಳ ಜೊತೆ ಹೊಂದಿಸಿ ಯಾರಾದರೂ ಪಟ್ಟಿ ಕೊಡ್ತೀರಾ? ಯಾವುದರ ಮೇಲೆ ಮೊದಲು ಧ್ಯಾನ ಮಾಡಬೇಕು?

ಈ ಪಟ್ಟಿಯನ್ನು ನಾನೇ ಒಮ್ಮೆ ಮಾಡಿದ್ದೆ. ಎಂ.ಎ. ಓದುವಾಗ ಕಿರುಪ್ರಬಂಧಕ್ಕೆ ಆರಿಸಿಕೊಂಡಿದ್ದು ಇದೇ ವಿಷಯ. ಕಬ್ಬಾಲಾ ಅಂದರೆ ಯೆಹೂದಿಗಳ ಅನುಭಾವ ಪರಂಪರೆ, ಸೆಫಿರೋತ್ ಅಂದರೆ ಅದರಲ್ಲಿ ದೇವರ ಹತ್ತು ಗುಣಗಳು, ನೀವು ಹೇಳುವ ಗೋಳಗಳು. ವೃಕ್ಷದ ಚಿತ್ರ ಬಿಡಿಸಿ ನೋಡಿದರೆ ಈ ಹತ್ತು ಗೋಳಗಳು ಏಳು ಅಡ್ಡಸಾಲಿನಲ್ಲಿ ಬರುತ್ತವೆ. ತುದಿಯಲ್ಲಿ ಕೆತೆರ್ ಒಂದೇ. ಅದರ ಕೆಳಗೆ ಬಲಕ್ಕೆ ಹೊಖ್ಮಾ, ಎಡಕ್ಕೆ ಬಿನಾ. ಆಮೇಲೆ ಬಲಕ್ಕೆ ಹೆಸೆದ್, ಎಡಕ್ಕೆ ಗೆವುರಾ. ನಡುವೆ ತಿಫೆರೆತ್. ಮತ್ತೆ ಬಲಕ್ಕೆ ನೆತ್ಸಾಹ್, ಎಡಕ್ಕೆ ಹೋದ್. ಕೆಳಗೆ ಯೆಸೋದ್, ಎಲ್ಲಕ್ಕಿಂತ ಕೆಳಗೆ ಮಲ್ಖುತ್. ಏಳು ಸಾಲು, ಏಳು ಚಕ್ರ! ಕೆತೆರ್ ಸಹಸ್ರಾರ, ತಿಫೆರೆತ್ ಅನಾಹತ, ಮಲ್ಖುತ್ ಮೂಲಾಧಾರ. ಇದಕ್ಕಿಂತ ಇನ್ನೇನು ಬೇಕು ಅಂತ ಅನ್ನಿಸಿತ್ತು. ಆ ಕೋಷ್ಟಕದ ಮೇಲೆಯೇ ಇಡೀ ಪ್ರಬಂಧ ನಿಲ್ಲಿಸಿದೆ.

ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪ್ರಾಧ್ಯಾಪಕರು ಕೋಷ್ಟಕದ ಮೂರನೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: “ಹೆಸೆದ್, ಗೆವುರಾ ಎರಡನ್ನೂ ಸೇರಿಸಿ ವಿಶುದ್ಧ ಅಂತ ಬರೆದಿದ್ದೀರಲ್ಲ. ಹಾಗಾದರೆ ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದ್ದನ್ನು ಜೋಹರ್ ಹೇಗೆ ಓದುತ್ತೆ, ಹೇಳಿ ನೋಡೋಣ.” ಜೋಹರ್ ಅಂದರೆ ಕಬ್ಬಾಲಾದ ಮುಖ್ಯ ಗ್ರಂಥ. ನನ್ನ ಬಳಿ ಉತ್ತರ ಇರಲಿಲ್ಲ. ಪ್ರಬಂಧ ವಾಪಸ್ ಬಂತು. ಅದನ್ನು ಮತ್ತೆ ಬರೆದು ಮುಗಿಸುವಷ್ಟರಲ್ಲಿ ಮುಂದಿನ ಸಂಶೋಧನೆಗೆ ಸಿಗಬೇಕಿದ್ದ ಶಿಷ್ಯವೇತನದ ಗಡುವು ಮುಗಿದುಹೋಗಿತ್ತು.

ತಪ್ಪು ಎಲ್ಲಿತ್ತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ. ಹೆಸೆದ್ ಅಂದರೆ ಅಳತೆಯಿಲ್ಲದೆ ಕೊಡುವ ಪ್ರೀತಿ, ಕರುಣೆ. ಗೆವುರಾ ಅಂದರೆ ಬಲ, ಕಟ್ಟುನಿಟ್ಟು, ತೀರ್ಪು, ಇಲ್ಲಿಗೆ ನಿಲ್ಲು ಅಂತ ತಡೆಯುವ ಶಕ್ತಿ. ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಕೆಂಪು. ಒಂದು ನೀರು, ಇನ್ನೊಂದು ಬೆಂಕಿ. ಒಂದು ದೇವರ ಬಲಗೈ, ಇನ್ನೊಂದು ಎಡಗೈ. ಇವೆರಡೂ ಒಂದೇ ಸಾಲಿನಲ್ಲಿ ಇರುವುದು ಎದುರುಬದುರು ನಿಲ್ಲುವುದಕ್ಕೆ. ಹೆಸೆದ್ ಒಂದೇ ಇದ್ದರೆ ಎಲ್ಲವೂ ಅದರಲ್ಲಿ ಕರಗಿಹೋಗುತ್ತದೆ, ಬೇರೆ ಅನ್ನುವ ಒಂದು ವಸ್ತುವೂ ಉಳಿಯುವುದಿಲ್ಲ. ಗೆವುರಾ ಒಂದೇ ಇದ್ದರೆ ಯಾವ ಜೀವವೂ ಆ ತೀರ್ಪಿನ ಮುಂದೆ ಬದುಕುವುದಿಲ್ಲ. ಗೆವುರಾ ಕರುಣೆಯಿಂದ ಕಡಿದುಕೊಂಡಾಗಲೇ ಕೆಡುಕು ಹುಟ್ಟುತ್ತದೆ ಅಂತ ಜೋಹರ್ ಹೇಳುತ್ತದೆ. ನಾನು ಮಾಡಿದ್ದು ಏನು? ಏಳರ ಲೆಕ್ಕ ಸರಿಹೋಗಲಿ ಅಂತ ಈ ಎರಡನ್ನೂ ಒಂದೇ ಖಾನೆಗೆ ತುರುಕಿದೆ. ಬಲ, ಎಡ, ನಡು ಅನ್ನುವ ಮೂರು ಕಂಬಗಳೇ ಮಾಯವಾದವು. ಮೇಲೆ ಕೆಳಗೆ ಅನ್ನುವುದು ಮಾತ್ರ ಉಳಿಯಿತು, ಅಂದರೆ ಏಣಿ ಉಳಿಯಿತು, ವೃಕ್ಷ ಹೋಯಿತು.

ಆ ಪ್ರಾಧ್ಯಾಪಕರು ಕೇಳಿದ ಉತ್ತರ ಇದು. 13ನೇ ಶತಮಾನದ ಕೊನೆಯ ಹೊತ್ತಿಗೆ ಸ್ಪೇನಿನ ಕಸ್ತೀಲ್‌ನಲ್ಲಿ ಹೊರಬಂದ ಜೋಹರ್, ಬೈಬಲ್ಲಿನ ಆದಿಕಾಂಡ 22ನೇ ಅಧ್ಯಾಯವನ್ನು ಸೆಫಿರೋತ್‌ಗಳ ಕಥೆಯಾಗಿ ಓದುತ್ತದೆ. ಅಬ್ರಹಾಮ ಹೆಸೆದ್‌ನ ಮನುಷ್ಯ, ಅವನ ಮಗ ಇಸಾಕ ಗೆವುರಾದವನು. ಗುಡಾರದ ಬಾಗಿಲಲ್ಲಿ ಕೂತು ದಾರಿಹೋಕರನ್ನು ಕರೆದು ಉಣಿಸಿದ ಅಬ್ರಹಾಮನಲ್ಲಿ ಅಲ್ಲಿಯವರೆಗೆ ಕಠಿಣತೆಯ ಲವಲೇಶವೂ ಇರಲಿಲ್ಲ, ಹಾಗಾಗಿ ಅವನ ಕರುಣೆಯೂ ಪೂರ್ಣವಾಗಿರಲಿಲ್ಲ. ಮೊರೀಯ ಬೆಟ್ಟದಲ್ಲಿ ಮಗನನ್ನು ಕಟ್ಟಿ ಕತ್ತಿ ಎತ್ತಿದ ಕ್ಷಣದಲ್ಲಿ ನೀರು ಬೆಂಕಿಯೊಳಗೆ ಸೇರಿತು, ಬೆಂಕಿ ನೀರಿನೊಳಗೆ ಸೇರಿತು. ಮೂರನೆಯ ದಿನ ಅವನು ಆ ಸ್ಥಳವನ್ನು ದೂರದಿಂದ ಕಂಡ ಅಂತ ಅಲ್ಲಿದೆ. ಆ ಮೂರನೆಯದು ಇಸಾಕನ ಮಗ ಯಾಕೋಬ ಅಂತ ಜೋಹರ್ ಓದುತ್ತದೆ. ಯಾಕೋಬ ಅಂದರೆ ತಿಫೆರೆತ್, ನಡುಕಂಬದ ಸೌಂದರ್ಯ, ಎರಡೂ ಕೈ ಹೊಂದಿಕೊಂಡಾಗ ಹುಟ್ಟುವ ದಯೆ. ಮಗ ಉಳಿಯದೆ ಮೊಮ್ಮಗ ಇಲ್ಲ, ಆದ್ದರಿಂದ ಕತ್ತಿ ಕೆಳಗಿಳಿಯಲೇಬೇಕು. ನನ್ನ ಕೋಷ್ಟಕದಲ್ಲಿ ಈ ಕಥೆಗೆ ಜಾಗವೇ ಇರಲಿಲ್ಲ.

ಉಳಿದವನ್ನೂ ಹೀಗೆ ಜೋಡಿಯಲ್ಲೇ ಹಿಡಿಯಿರಿ. ಕೆತೆರ್ ಕಿರೀಟ, ಯೋಚನೆಗೂ ಮುಂಚಿನ ಸಂಕಲ್ಪ. ಅದರ ಬಗ್ಗೆ ಹೆಚ್ಚು ಮಾತಾಡುವವರನ್ನು ನಾನು ನಂಬುವುದಿಲ್ಲ. ಹೊಖ್ಮಾ ಅಂದರೆ ವಿವೇಕ, ಹೊಳೆದ ಮೊದಲ ಬಿಂದು. ಬಿನಾ ಅಂದರೆ ತಿಳಿವಳಿಕೆ, ಆ ಬಿಂದುವಿನ ಸುತ್ತ ಎದ್ದ ಅರಮನೆ. ಒಂದು ತಂದೆ, ಇನ್ನೊಂದು ಕೆಳಗಿನ ಏಳನ್ನು ಹೆತ್ತ ತಾಯಿ. ನೆತ್ಸಾಹ್ ಮತ್ತು ಹೋದ್ ಎರಡು ಕಾಲುಗಳು, ಮೋಶೆ ಮತ್ತು ಆರೋನ: ಪಟ್ಟುಬಿಡದ ಜಯ ಒಂದು, ತಲೆಬಾಗುವ ಘನತೆ ಇನ್ನೊಂದು. ಯೆಸೋದ್ ಬುನಾದಿ, ಯೋಸೇಫನದು. ಮೇಲಿನದೆಲ್ಲ ಅಲ್ಲಿ ಒಟ್ಟಾಗಿ ಕೆಳಗೆ ಹರಿಯುತ್ತದೆ. ಹರಿದುಬರುವುದು ಮಲ್ಖುತ್‌ಗೆ, ರಾಜ್ಯಕ್ಕೆ, ದಾವೀದನಿಗೆ. ಮಲ್ಖುತ್ ಅಂದರೆ ಶೆಖಿನಾ, ಲೋಕದಲ್ಲಿ ನೆಲೆಸಿರುವ ದೇವರ ಸಾನ್ನಿಧ್ಯ. ಚಂದ್ರನ ಹಾಗೆ ಸ್ವಂತ ಬೆಳಕಿಲ್ಲ, ಪಡೆದದ್ದನ್ನೇ ಬೆಳಗುತ್ತಾಳೆ, ತನ್ನ ಜನರ ಜೊತೆ ಗಡಿಪಾರಿಗೂ ಹೋಗುತ್ತಾಳೆ. ಅವಳನ್ನು ತಿಫೆರೆತ್ ಜೊತೆ ಮತ್ತೆ ಸೇರಿಸುವುದೇ ಪ್ರಾರ್ಥನೆಯ ಕೆಲಸ ಅಂತ ಕಬ್ಬಾಲಾದವರು ನಂಬುತ್ತಾರೆ. ಇದನ್ನು ನಾನು ಮೂಲಾಧಾರ ಅಂತ ಬರೆದಿದ್ದೆ.

ಕೆಳಗಿನ ಏಳರ ಕ್ರಮವನ್ನು ನೀವೇ ನೋಡಬೇಕಾದರೆ ಕನ್ನಡ ಬೈಬಲ್ ಸಾಕು. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕ, 29:11. ದೇವಾಲಯಕ್ಕೆ ಕಾಣಿಕೆ ಕೂಡಿಸಿದ ಮೇಲೆ ದಾವೀದ ದೇವರ ಗುಣಗಳನ್ನು ಒಂದೊಂದಾಗಿ ಹೇಳಿ ಕೊನೆಗೆ ರಾಜ್ಯ ನಿನ್ನದು ಅನ್ನುತ್ತಾನೆ. ಹೀಬ್ರೂ ಮೂಲದಲ್ಲಿ ಸೆಫಿರೋತ್‌ಗಳ ಹೆಸರು ಬರುವುದು ಬಹುಪಾಲು ಅದೇ ಸಾಲಿನಲ್ಲಿ, ಹೆಸೆದ್‌ಗೆ ಮಾತ್ರ ಅಲ್ಲಿ ಗೆದುಲಾ ಅನ್ನುವ ಹೆಸರು, ಯೆಸೋದ್ ಜಾಗದಲ್ಲಿ ‘ಎಲ್ಲವೂ’ ಅನ್ನುವ ಮಾತು.

ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಗ್ರಹ, ಟ್ಯಾರೋ ಎಲೆ, ದೇವತೆಗಳ ಹೆಸರು ತುಂಬಿದ್ದರೆ ಅದು ಹೆಚ್ಚಾಗಿ 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಪಂಥದ ಕಡೆಯಿಂದ ಬಂದದ್ದು. ಅದನ್ನು ಓದಬಾರದು ಅಂತಿಲ್ಲ, ಆದರೆ ಯೆಹೂದಿ ಕಬ್ಬಾಲಾ ಅಂತ ಓದಬೇಡಿ.

ಇನ್ನು ಯಾವುದರ ಮೇಲೆ ಮೊದಲು ಧ್ಯಾನ ಅನ್ನುವುದು. ಯಾವುದರ ಮೇಲೂ ಬೇಡ. ಒಂದನ್ನು ಬಿಡಿಯಾಗಿ ಹಿಡಿದು ಕೂರುವುದೇ ಸಂಪ್ರದಾಯದವರು ಹೆದರುವ ದೋಷ. ಪಸ್ಕ ಹಬ್ಬದ ಎರಡನೇ ರಾತ್ರಿಯಿಂದ 49 ದಿನ, ದಿನಕ್ಕೊಂದರಂತೆ ಎಣಿಸುವ ಓಮೆರ್ ಆಚರಣೆಯಲ್ಲಿ ಅವರು ಏನು ಮಾಡುತ್ತಾರೆ ನೋಡಿ. ಕೆಳಗಿನ ಏಳರಲ್ಲಿ ವಾರಕ್ಕೊಂದು ಸೆಫಿರಾ, ವಾರದೊಳಗಿನ ದಿನಕ್ಕೂ ಒಂದೊಂದು. ಮೊದಲ ದಿನ ಹೆಸೆದ್‌ನೊಳಗಿನ ಹೆಸೆದ್, ಎರಡನೇ ದಿನವೇ ಹೆಸೆದ್‌ನೊಳಗಿನ ಗೆವುರಾ. ಕೊಡುವವನು ಎಲ್ಲಿ ಕೈ ಬಿಗಿ ಹಿಡಿಯಬೇಕು ಅನ್ನುವುದು ಆ ದಿನದ ವಿಚಾರ. ಎಂಟನೇ ದಿನ ಅದು ತಿರುಗುತ್ತದೆ, ಗೆವುರಾದೊಳಗಿನ ಹೆಸೆದ್: ಶಿಕ್ಷಿಸುವವನಲ್ಲಿ ಪ್ರೀತಿ ಎಲ್ಲಿದೆ? ಒಂದೂ ಒಂಟಿಯಾಗಿರುವುದಿಲ್ಲ.

16ನೇ ಶತಮಾನದಲ್ಲಿ ಗಲಿಲಾಯದ ಸಫೇದ್ ಊರಿನಲ್ಲಿದ್ದ ಕಬ್ಬಾಲಾ ವಿದ್ವಾಂಸ ಮೋಶೆ ಕೊರ್ದೊವೇರೊ ಒಂದು ಚಿಕ್ಕ ಪುಸ್ತಕ ಬರೆದರು, ತೋಮೆರ್ ದೆವೋರಾ ಅಂತ. ಸೆಫಿರೋತ್‌ಗಳನ್ನು ನಡತೆಯಲ್ಲಿ ಅನುಸರಿಸುವುದು ಹೇಗೆ ಅನ್ನುವುದೇ ಅದರ ವಿಷಯ. ಹೆಸೆದ್‌ನ ಅಧ್ಯಾಯದಲ್ಲಿ ಅವರು ಹೇಳುವುದು ರೋಗಿಯನ್ನು ಹೋಗಿ ನೋಡುವುದು, ಬಡವರಿಗೆ ಕೊಡುವುದು, ಅತಿಥಿಯನ್ನು ಒಳಗೆ ಕರೆಯುವುದು, ಸತ್ತವರಿಗೆ ಮಾಡಬೇಕಾದ್ದನ್ನು ಮಾಡುವುದು, ಜಗಳ ಬಿಡಿಸಿ ರಾಜಿ ಮಾಡಿಸುವುದು. ಇಂಗ್ಲಿಷ್ ಅನುವಾದ ಸಿಗುತ್ತದೆ. ಪಟ್ಟಿ ಮಾಡುವ ಮುಂಚೆ ಆ ಅಧ್ಯಾಯ, ಆಮೇಲೆ ಗೆವುರಾದ್ದು ಓದಿ.