ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ ಹೇಗೆ?

ಪ್ರಶ್ನೆ: ಬೆಳಗಾವಿಯಲ್ಲಿ ಪಿಜಿ ನಡೆಸುತ್ತೇನೆ. ಬಿಸಿನೀರಿಗೆ ಹೀಟ್ ಪಂಪ್ ಹಾಕಿಸಿ, 1 ಯೂನಿಟ್ ಕರೆಂಟಿಗೆ 3 ಯೂನಿಟ್ ಬಿಸಿ ಸಿಗುತ್ತದೆ ಅಂತಾರೆ ಅಂಗಡಿಯವರು. ಇದು ಮೋಸ ಅಲ್ವಾ ಸರ್? ಫ್ರಿಜ್ಜೂ ಇದೇ ಯಂತ್ರವಂತೆ, ಮತ್ತೆ ಅದರ ಸಿಒಪಿ, ಅಂದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಬಿಸಿ ಸಾಗಿಸುತ್ತದೆ ಅನ್ನುವ ಲೆಕ್ಕ, ಯಾಕೆ ಕಡಿಮೆ?

ಉತ್ತರ: ಮೋಸ ಅಲ್ಲರೀ. ಗೀಸರ್ ಕರೆಂಟನ್ನೇ ಬಿಸಿಯಾಗಿ ಬದಲಿಸುತ್ತದೆ, ಹಾಗಾಗಿ 1 ಯೂನಿಟ್‌ಗೆ 1 ಯೂನಿಟ್ ಮಾತ್ರ. ಹೀಟ್ ಪಂಪ್ ಹೊರಗಿನ ಗಾಳಿಯಲ್ಲಿ ಮೊದಲೇ ಇರುವ ಬಿಸಿಯನ್ನು ಎತ್ತಿ ನೀರಿಗೆ ಹಾಕುತ್ತದೆ. ಕರೆಂಟು ಆ ಎತ್ತುವ ಕೆಲಸಕ್ಕೆ.

20 ಡಿಗ್ರಿ ಗಾಳಿಯಲ್ಲಿ ಎಂಥ ಬಿಸಿ ಅನ್ನಿಸಬಹುದು. ಆದರೆ ಒಳಗಿನ ಗ್ಯಾಸು ಅದಕ್ಕಿಂತ ತಣ್ಣಗಿರುತ್ತದೆ. ಸುಮಾರು 10 ಡಿಗ್ರಿಯಲ್ಲೇ ಕುದಿಯುವಂತೆ ಅದರ ಒತ್ತಡ ಇಳಿಸಿರುತ್ತಾರೆ. ಕುದಿಯಲು ಬೇಕಾದ ಬಿಸಿಯನ್ನು ಗಾಳಿಯಿಂದ ಹೀರಿಕೊಳ್ಳುತ್ತದೆ. ಆಮೇಲೆ ಕಂಪ್ರೆಸರ್ ಅದನ್ನು ಒತ್ತುತ್ತದೆ. ಹೆಚ್ಚಿದ ಒತ್ತಡದಲ್ಲಿ ಅದು 60 ಡಿಗ್ರಿಯಲ್ಲಿ ಮತ್ತೆ ದ್ರವವಾಗಿ, ಹೀರಿದ್ದನ್ನೆಲ್ಲ ನೀರಿಗೆ ಬಿಡುತ್ತದೆ. ಕಂಪ್ರೆಸರ್ ತಿಂದ ಕರೆಂಟೂ ಬಿಸಿಯಾಗಿ ಅದರ ಜೊತೆಗೇ ಸೇರುತ್ತದೆ.

ಈಗ ಲೆಕ್ಕ. 200 ಲೀಟರ್ ನೀರನ್ನು 20ರಿಂದ 55 ಡಿಗ್ರಿಗೆ ಏರಿಸಲು ಸುಮಾರು 8.1 ಯೂನಿಟ್ ಬಿಸಿ ಬೇಕು. ಹೀಟ್ ಪಂಪ್ 2.5 ಯೂನಿಟ್ ಕರೆಂಟು ತಗೊಂಡಿತು ಅನ್ನಿ. ಉಳಿದ 5.6 ಗಾಳಿಯಿಂದ ಬಂತು. ನಮಗೆ ಬೇಕಾದ್ದು ನೀರಿಗೆ ಸೇರಿದ 8.1, ಅದನ್ನು 2.5ರಿಂದ ಭಾಗಿಸಿದರೆ ಸಿಒಪಿ 3.24. ಇದೇ ಯಂತ್ರವನ್ನು ಫ್ರಿಜ್ ಅಂತ ಬಳಸಿದರೆ ನಮಗೆ ಬೇಕಾದ್ದು ತಣ್ಣನೆ ಕಡೆಯಿಂದ ಹೊರತೆಗೆದ 5.6 ಮಾತ್ರ. ಆಗ 2.24. ವ್ಯತ್ಯಾಸ ಸರಿಯಾಗಿ 1. ಫ್ರಿಜ್ಜಿಗೆ ತನ್ನ ಕಂಪ್ರೆಸರ್‌ನ ಬಿಸಿ ಬೇಡದ ಹೊರೆ, ಹೀಟ್ ಪಂಪ್‌ಗೆ ಅದೂ ಲಾಭ.

ಹಾಗಂತ ಸಿಒಪಿಗೆ ಮಿತಿ ಇಲ್ಲದಿಲ್ಲ. ಬಿಸಿ ಕಡೆಯ 60 ಡಿಗ್ರಿಗೆ 273 ಸೇರಿಸಿದರೆ ಅದರ ಕೆಲ್ವಿನ್ ಉಷ್ಣತೆ 333, ಅದನ್ನು 60 ಮತ್ತು 10ರ ಅಂತರದಿಂದ ಭಾಗಿಸಿ: 333 ÷ 50, ಅಂದರೆ 6.7ರ ಹತ್ತಿರ. ಯಾವ ಯಂತ್ರವೂ ಇದನ್ನು ದಾಟದು, ನಿಜವಾಗಿ ಸಿಗುವುದು ಅದರ ಅರ್ಧದ ಆಸುಪಾಸು. ಅಂತರ ಹೆಚ್ಚಿದಷ್ಟೂ ಸಿಒಪಿ ಇಳಿಯುತ್ತದೆ. ಬೆಳಗಾವಿಯ ಚಳಿಗಾಲದ ಬೆಳಗ್ಗೆ ಗ್ಯಾಸು 0 ಡಿಗ್ರಿಯಲ್ಲಿ ಕುದಿಯಬೇಕಾದರೆ ಮಿತಿಯೇ 5.55ಕ್ಕೆ ಬರುತ್ತದೆ. ಗ್ಯಾಸು ಮೊದಲಿನಂತೆ 10ರಲ್ಲೇ ಕುದಿದು, ನೀರು 45 ಡಿಗ್ರಿ ಸಾಕು ಅಂದರೆ ಬಿಸಿ ಕಡೆ 50 ಡಿಗ್ರಿ ಇದ್ದರೆ ಆಯಿತು, ಮಿತಿ 8ಕ್ಕೆ ಏರುತ್ತದೆ. ಅದಕ್ಕೇ ಅಂಗಡಿಯವರು ಸಿಒಪಿ ಹೇಳಿದಾಗ, ಗಾಳಿ ಎಷ್ಟು ಡಿಗ್ರಿ, ನೀರು ಎಷ್ಟು ಡಿಗ್ರಿ ಇದ್ದಾಗ ಅಂತ ಕೇಳಿ.

ಮುಚ್ಚಿದ ಸ್ಟೋರ್ ರೂಮಿನಲ್ಲಂತೂ ಹಾಕಿಸಬೇಡಿ. ಅಲ್ಲಿನ ಗಾಳಿ ತಣ್ಣಗಾಗುತ್ತಾ ಹೋಗುತ್ತದೆ, ಗಾಳಿಯ ಬಿಸಿ ಹೀರುವ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಹಾಕಿಸಿದ ಮೇಲೆ ಮೀಟರ್, ಥರ್ಮಾಮೀಟರ್ ಇಟ್ಟುಕೊಂಡು ಮೇಲಿನ ಲೆಕ್ಕವನ್ನೇ ನೀವೂ ಮಾಡಿ ನೋಡಿ. ಮೀಟರ್ 4 ಯೂನಿಟ್ ತೋರಿಸಿದರೆ ಸಿಒಪಿ ಬರೀ 2. ಆಗ ಮೊದಲು ಕಾಯಿಲ್‌ನ ಧೂಳು, ಆಮೇಲೆ ಗ್ಯಾಸು ನೋಡಿಸಿ.