ಕಾಲ್ ವೇಟಿಂಗ್ ಮತ್ತು ಮಿಸ್ಡ್ ಕಾಲ್

"ನಾನು ಫೋನಲ್ಲಿ ಮಾತಾಡ್ತಿದ್ದಾಗ ಅಮ್ಮ ಮೂರು ಸಲ ಕಾಲ್ ಮಾಡಿದ್ರಂತೆ. ನನಗೆ ಬೀಪ್ ಬರಲಿಲ್ಲ, ಮಿಸ್ಡ್ ಕಾಲ್ ಕೂಡ ಇಲ್ಲ. ಯಾಕೆ?"

ನಿಮ್ಮ ಕಾಲ್ ವೇಟಿಂಗ್ ಆಫ್ ಆಗಿರಬೇಕು. ಅದು ಆನ್ ಇದ್ದರೆ ಎರಡನೇ ಕರೆ ನಿಮ್ಮ ಫೋನಿನವರೆಗೂ ಬರುತ್ತದೆ. ಕಿವಿಯಲ್ಲಿ ಬೀಪ್ ಕೇಳುತ್ತದೆ, ಎತ್ತದಿದ್ದರೆ ಫೋನೇ ಅದನ್ನು ಮಿಸ್ಡ್ ಕಾಲ್ ಅಂತ ಬರೆದುಕೊಳ್ಳುತ್ತದೆ. ಆಫ್ ಇದ್ದರೆ ಸಾಮಾನ್ಯವಾಗಿ ನೆಟ್‌ವರ್ಕ್ ಬಾಗಿಲಲ್ಲೇ ಕರೆಯನ್ನು ತಡೆದು, ಅಮ್ಮನಿಗೆ ಬ್ಯುಸಿ ಅಂತ ಹೇಳಿ ಮುಗಿಸುತ್ತದೆ. ಕರೆ ಬಂದದ್ದೇ ಫೋನಿಗೆ ಗೊತ್ತಿರಲ್ಲ. ಗೊತ್ತಿಲ್ಲದ್ದನ್ನು ಅದು ಹೇಗೆ ತೋರಿಸುತ್ತೆ, ಅಲ್ವಾ?

ಮೊದಲು ಇದನ್ನು ಡಯಲ್ ಮಾಡಿ ನೋಡಿ:

```
*#43#
```

ಆಫ್ ಅಂತ ಬಂದರೆ ಇದನ್ನು ಡಯಲ್ ಮಾಡಿ:

```
*43#
```

ಕೋಡ್ ಕೆಲಸ ಮಾಡದಿದ್ದರೆ ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಕಾಲ್ ವೇಟಿಂಗ್ ಹುಡುಕಿ ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಮಾಡಬೇಕು. ಆಮೇಲೆ ಯಾರ ಜೊತೆಗಾದರೂ ಮಾತಾಡುತ್ತಾ ಅಮ್ಮನಿಂದ ಒಂದು ಕಾಲ್ ಮಾಡಿಸಿ ನೋಡಿ. ಬೀಪ್ ಬಂದರೆ ಸರಿಯಾಯಿತು.

ಇನ್ನು ಎಸ್ಸೆಮ್ಮೆಸ್‌ನಲ್ಲಿ ಬರುವ ಮಿಸ್ಡ್ ಕಾಲ್ ಅಲರ್ಟ್ ಬೇರೆ. ಫೋನ್ ಆಫ್ ಇದ್ದಾಗ, ಸಿಗ್ನಲ್ ಇಲ್ಲದಾಗ ನೆಟ್‌ವರ್ಕ್ ಆ ಕರೆಯನ್ನು ತನ್ನ ಕಡೆಯ ಒಂದು ನಂಬರಿಗೆ ತಿರುಗಿಸಿ, ಯಾರು ಕರೆದರು ಅಂತ ಗುರುತು ಹಾಕಿಕೊಳ್ಳುತ್ತದೆ. ಫೋನ್ ಮತ್ತೆ ಸಿಗ್ನಲ್‌ಗೆ ಬಂದಾಗ ಮೆಸೇಜ್ ಕಳಿಸುತ್ತದೆ. ಬ್ಯುಸಿ ಇದ್ದಾಗಲೂ ಹೀಗೆ ತಿರುಗಿಸುವ ವ್ಯವಸ್ಥೆ ನಿಮ್ಮ ಸಿಮ್‌ನಲ್ಲಿ ಇಲ್ಲದಿದ್ದರೆ ಆ ಕರೆಗೆ ಮೆಸೇಜೂ ಬರಲ್ಲ. ಹಾಗಾಗಿ ಅಲರ್ಟ್ ನಂಬಿ ಕೂರಬೇಡಿ, ವೇಟಿಂಗ್ ಆನ್ ಮಾಡಿಕೊಳ್ಳಿ.